ಅಡ್ವಾನ್ಸ್ ವಾಪಸ್ ಬಗ್ಗೆ

ನಮಸ್ಕಾರ ಅಂಕಲ್, ವಿನೋಬನಗರದ ನಿಮ್ಮ ಮೇಲಿನ ಮನೇಲಿದ್ದೆವಲ್ಲ, ಸಾಗರಕ್ಕೆ ಟ್ರಾನ್ಸ್‌ಫರ್ ಆಗಿ ಬಂದವರು. ಫೋನ್ ಮಾಡಿದ್ರೆ ಎತ್ತುತ್ತಿಲ್ಲ, ಅದಕ್ಕೆ ಬರೆದೇ ಕಳಿಸ್ತಿದೀನಿ, ಪೂರ್ತಿ ಓದಿ ದಯವಿಟ್ಟು.

ಮೇ 31, 2025ಕ್ಕೆ ಮನೆ ಖಾಲಿ ಮಾಡಿ ಮೂರೂ ಕೀ, ಗೇಟಿಂದೂ ಸೇರಿ, ನಿಮ್ಮ ಕೈಗೇ ಕೊಟ್ಟೆ. ಖಾಲಿ ಮಾಡಿದ 30 ದಿನದೊಳಗೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟಲ್ಲೇ ಇದೆ. ಅಂದ್ರೆ ಜೂನ್ 30. ಇವತ್ತು ಜುಲೈ 24. ಜುಲೈ 2ಕ್ಕೆ ಕೇಳಿದಾಗ ಅಡಿಕೆ ರೇಟ್ ಸ್ವಲ್ಪ ಏರಲಿ, ಮಂಡಿಗೆ ಹಾಕಿ ಕೊಡ್ತೀನಿ ಅಂದ್ರಿ, ಆಮೇಲೆ 10ನೇ ತಾರೀಕು ಆಷಾಢ ಕಳೀಲಿ ಅಂದ್ರಿ, ಸರಿ ಅಂತ ಸುಮ್ನಿದ್ದೆ. ಇವತ್ತು ಭೀಮನ ಅಮಾವಾಸ್ಯೆ, ಆಷಾಢನೂ ಮುಗೀತು ಅಂಕಲ್.

ಲೆಕ್ಕ ಇಷ್ಟೇ. ಕೊಟ್ಟಿದ್ದು 60,000. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ 8,500 ಹಿಡ್ಕೊಳ್ಳೋದು ಅಂತ ಮೊದಲೇ ಮಾತಾಗಿತ್ತು, ಅದಕ್ಕೆ ನಂದೇನೂ ತಕರಾರಿಲ್ಲ. ಬಾಕಿ 51,500. ಮೆಸ್ಕಾಂ ಕೊನೇ ಬಿಲ್ 412 ಕಟ್ಟಿದೀನಿ, ರಸೀದಿ ಕೆಳಗೆ ಹಾಕಿದೀನಿ.

ಬೆಡ್‌ರೂಮ್ ಗೋಡೆ ಬೂಷ್ಟು ಬಂದಿರೋದಕ್ಕೂ ಕಟ್ ಮಾಡ್ತೀನಿ ಅಂತ ಆಂಟಿ ಹತ್ರ ಹೇಳಿದ್ರಂತೆ. ಅದು ಟೆರೇಸಿಂದ ನೀರು ಇಳಿದು ಬಂದಿದ್ದು. ನಾವು ಬಂದ ಮೊದಲನೇ ಮಳೆಗಾಲದಲ್ಲೇ, 2023ರಲ್ಲಿ, ಕಿಟಕಿ ಮೇಲ್ಗಡೆ ಅಂಗೈ ಅಗಲದಷ್ಟು ಕಪ್ಪಾಗಿತ್ತು, ಫೋಟೋ ಕಳಿಸಿದ್ದೆ, ಮಳೆ ಕಳೀಲಿ ನೋಡೋಣ ಅಂತ ನೀವು ರಿಪ್ಲೈ ಮಾಡಿದ್ದೂ ಇದೇ ಚಾಟಲ್ಲಿದೆ, ಮೇಲೆ ಹೋಗಿ ನೋಡಿ. ಎರಡು ವರ್ಷ ಮಂಚ ಗೋಡೆಯಿಂದ ದೂರ ಎಳ್ಕೊಂಡು ಮಲಗಿದೀವಿ. ಅದರ ದುಡ್ಡು ನಾನು ಕೊಡೋದು ನ್ಯಾಯ ಅಲ್ಲ.

ಹೋದ ವಾರ ಆ ಕಡೆ ಬಂದಾಗ ನೋಡಿದೆ, ಮೇಲಿನ ಮನೆಗೆ ಬೇರೆಯವರು ಬಂದಿದಾರೆ, ಬಟ್ಟೆ ಒಣಹಾಕಿತ್ತು. ಅವರ ಅಡ್ವಾನ್ಸೂ ನಿಮಗೆ ಬಂದಿರತ್ತಲ್ಲ. ಇಲ್ಲಿ ಸಾಗರದ ಮನೆಗೆ ಅಡ್ವಾನ್ಸ್ ಕೊಡೋಕೆ ಹೆಂಡತಿ ಬಳೆ ಸೊಸೈಟೀಲಿ ಅಡ ಇಟ್ಟಿದೀನಿ, ನಿಮ್ಮ ದುಡ್ಡು ಜೂನಲ್ಲಿ ಬರತ್ತೆ ಬಿಡಿಸ್ಕೋಬಹುದು ಅನ್ನೋ ಧೈರ್ಯದ ಮೇಲೆ. ತಿಂಗಳು ತಿಂಗಳು ಬಡ್ಡಿ ಹೋಗ್ತಿದೆ. ಅವಳು ಕೇಳಿದಾಗೆಲ್ಲ ಏನು ಹೇಳಬೇಕು ಅಂತ ಗೊತ್ತಾಗಲ್ಲ.

ಆಂಟಿ ಪತ್ರೊಡೆ ಮಾಡಿದ್ರೆ ಮೊದಲು ನಮ್ಮನೆಗೇ ಬರ್ತಿತ್ತು, ನಮ್ಮ ಮಗು ನಿಮ್ಮ ಜಗಲೀಲೇ ಅಂಬೆಗಾಲಿಟ್ಟಿದ್ದು. ನಿಮ್ಮ ಮೇಲೆ ಜಗಳ ಆಡೋ ಮನಸ್ಸಿಲ್ಲ, ಬಾಡಿಗೆ ಒಂದು ತಿಂಗಳೂ 5ನೇ ತಾರೀಕು ದಾಟಿಸಿಲ್ಲ ನಾನು, ಅದು ನಿಮಗೂ ಗೊತ್ತು.

ಜುಲೈ 31ರೊಳಗೆ 51,500 ಹಾಕಿಬಿಡಿ, ಬಾಡಿಗೆ ಹಾಕ್ತಿದ್ದ ನನ್ನ ಅದೇ ಫೋನ್‌ಪೇ ನಂಬರಿಗೆ. ಒಟ್ಟಿಗೆ ಆಗಲ್ಲ ಅಂದ್ರೆ ಈಗ 30,000, ಉಳಿದಿದ್ದು ಆಗಸ್ಟ್ 15ಕ್ಕೆ ಅಂತ ಇಲ್ಲೇ ಬರೆದು ಕಳಿಸಿ, ಬಾಯಿಮಾತು ಬೇಡ. ಎರಡೂ ಆಗದಿದ್ರೆ ಆಗಸ್ಟ್ 2 ಶನಿವಾರ ಬೆಳಿಗ್ಗೆ ಟ್ರೈನಿಗೆ ಅಗ್ರಿಮೆಂಟ್ ತಗೊಂಡು ಮನೆಗೇ ಬರ್ತೀನಿ, ಅವತ್ತೂ ಇತ್ಯರ್ಥ ಆಗದಿದ್ರೆ ವಕೀಲರ ಕಡೆಯಿಂದ ನೋಟಿಸ್ ಕೊಡಿಸದೆ ನನಗೆ ಬೇರೆ ದಾರಿ ಇರಲ್ಲ.

ಮೆಸೇಜ್ ನೋಡಿದ ತಕ್ಷಣ ಒಂದು ರಿಪ್ಲೈ ಮಾಡಿ ಅಂಕಲ್. ಸಂಜೆ 6ರ ಮೇಲೆ ಫೋನ್ ಮಾಡಿದ್ರೂ ಸಿಗ್ತೀನಿ.