ಇಪ್ಪತ್ತು ನಿಮಿಷದ ಕೀಬೋರ್ಡ್ ಅಭ್ಯಾಸ: ಮೊದಲ ತಿಂಗಳಿಗೆ

ಕೆಲಸದಿಂದ ಬಂದ ಮೇಲೆ ದಿನಕ್ಕೆ ಇಪ್ಪತ್ತು ನಿಮಿಷ ಮಾತ್ರ ಸಿಗುತ್ತದೆ ಅಂದಿದ್ದಿರಿ. ಸಾಕು, ಆದರೆ ಅಷ್ಟೂ ನಿಮಿಷ ಬೆರಳು ಕೀಗಳ ಮೇಲಿರಬೇಕು. ನಿಮ್ಮ 61 ಕೀಗಳ ಕೀಬೋರ್ಡ್ ಸ್ಟ್ಯಾಂಡಿನ ಮೇಲೇ ಇರಲಿ, ಪ್ಲಗ್ ಸಿಕ್ಕಿಸಿಯೇ ಇರಲಿ. ಪಿಯಾನೊ ಟೋನ್ ಸಾಕು, ರಿದಮ್ ಬೇಡ.

ಮೊದಲ 3 ನಿಮಿಷ: ಬೆರಳು ಸಡಿಲಿಸುವುದು

ಹೆಬ್ಬೆರಳು 1, ಕಿರುಬೆರಳು 5. ಬಲಗೈ ಹೆಬ್ಬೆರಳನ್ನು ನಡುವಿನ ಸಿ ಮೇಲಿಟ್ಟು ಸಿ, ಡಿ, ಇ, ಎಫ್, ಜಿ ಹತ್ತಿ ಇಳಿಯಿರಿ. ತಾಳ ಬಡಿಯುವ ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತದಲ್ಲಿರಲಿ, ಬಡಿತಕ್ಕೊಂದು ಸ್ವರ. ಆಮೇಲೆ ಎಡಗೈ. ಭುಜ ಮೇಲೇರಿದ್ದರೆ ಇಳಿಸಿ.

ಮುಂದಿನ 4 ನಿಮಿಷ: ಸಿ ಮೇಜರ್ ಸ್ಕೇಲ್

ಒಂದು ದಿನ ಬಲಗೈ, ಮರುದಿನ ಎಡಗೈ. ಬಲಗೈ ಏರುವಾಗ 1-2-3-1-2-3-4-5, ಎಡಗೈ ಏರುವಾಗ 5-4-3-2-1-3-2-1. ಬಲಗೈಯಲ್ಲಿ ಇ ದಾಟಿದ ಮೇಲೆ ಹೆಬ್ಬೆರಳು ನಡುಬೆರಳಿನ ಕೆಳಗೆ ನುಸುಳಿ ಎಫ್ ಮುಟ್ಟಬೇಕು. ಅಲ್ಲಿ ಮೊಣಕೈ ಹೊರಗೆ ಎಳೆದರೆ ಸ್ವರ ಎಗರುತ್ತದೆ. ಇ–ಎಫ್ ಎರಡನ್ನೇ ಹಿಂದೆ ಮುಂದೆ ನುಡಿಸಿ ಸರಿಮಾಡಿಕೊಳ್ಳಿ. ಎರಡೂ ಕೈಯಲ್ಲಿ ಸ್ಕೇಲ್ ಈ ತಿಂಗಳು ಬೇಡ.

ನಡುವಿನ 10 ನಿಮಿಷ: ಹಾಡು

ಅಭ್ಯಾಸದ ಜೀವ ಇಲ್ಲಿದೆ. ನೀವು ಕಲಿಯುತ್ತಿರುವ ಹಾಡಿನಲ್ಲಿ ಎಂಟು ಬಾರ್ ಇವೆ, ಬಾರ್ ಅಂದರೆ ತಾಳದ ಒಂದು ಸುತ್ತಿನಷ್ಟು ಭಾಗ. ದಿನಕ್ಕೆ ಎರಡೇ ಬಾರ್ ತೆಗೆದುಕೊಳ್ಳಿ, ಜೊತೆಗೆ ಮುಂದಿನ ಬಾರಿನ ಮೊದಲ ಸ್ವರವನ್ನೂ ಸೇರಿಸಿ. ನಾವು ಎಡವುವುದು ಹೆಚ್ಚಾಗಿ ಆ ಸಂದಿನಲ್ಲೇ. ಮೊದಲಿಂದ ಶುರುಮಾಡಿ, ತಪ್ಪಿದಲ್ಲಿ ನಿಂತು, ಮತ್ತೆ ಮೊದಲಿಗೆ ಓಡುವ ಚಾಳಿ ಬೇಡವೇ ಬೇಡ. ಹಾಗೆ ಮಾಡಿದರೆ ಮೊದಲ ಬಾರ್ ಮಾತ್ರ ಪಳಗುತ್ತದೆ, ಕಷ್ಟದ ಜಾಗ ಹಾಗೇ ಉಳಿಯುತ್ತದೆ.

ಬಲಗೈ ಒಂದೇ ನಾಲ್ಕು ನಿಮಿಷ, ಎಡಗೈ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಒತ್ತುವ ಮೂರು ಸ್ವರಗಳು, ಮೂರು ನಿಮಿಷ. ಸಿ ಕಾರ್ಡ್: ಸಿ-ಇ-ಜಿ. ಎಫ್ ಕಾರ್ಡ್‌ಗೆ ಹೋಗುವಾಗ ಕಿರುಬೆರಳು ಸಿ ಮೇಲೇ ಇರಲಿ, ಉಳಿದ ಬೆರಳು ಎಫ್-ಎ ಹಿಡಿಯಲಿ. ಜಿ ಕಾರ್ಡ್‌ಗೆ ಹೋಗುವಾಗ ಹೆಬ್ಬೆರಳು ಜಿ ಮೇಲೇ ಇರಲಿ, ಕೆಳಗೆ ಬಿ-ಡಿ. ಕೈ ಜಿಗಿಯುವ ಅಗತ್ಯವೇ ಇಲ್ಲ. ಕೊನೆಯ ಮೂರು ನಿಮಿಷ ಎರಡೂ ಕೈ, ನಿಮಗೆ ಬೇಸರವಾಗುವಷ್ಟು ನಿಧಾನವಾಗಿ. ಸತತ ಮೂರು ಸಲ ತಪ್ಪಿಲ್ಲದೆ ಬಂದರೆ ಮೆಟ್ರೊನೋಮನ್ನು 4 ಅಂಕ ಏರಿಸಿ. ಬರದಿದ್ದರೆ ಇಳಿಸಿ.

ಕೊನೆಯ 3 ನಿಮಿಷ

ಈಗಾಗಲೇ ಬರುವುದನ್ನು ಖುಷಿಗೆ ನುಡಿಸಿ. ತಪ್ಪಾದರೂ ನಿಲ್ಲಿಸದೆ ಮುಂದೆ ಹೋಗಿ, ತಾಳ ಬಿಡದಿರುವುದೂ ಕಲಿಯಬೇಕಾದ ವಿದ್ಯೆಯೇ.

ಭಾನುವಾರ ಸ್ಕೇಲ್ ಬಿಟ್ಟು, ಎಂಟೂ ಬಾರ್‌ಗಳನ್ನು ನಿಧಾನವಾಗಿ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಕೇಳಿದಾಗ ಎಲ್ಲಿ ತಡವರಿಸಿದೆಯೋ ಸೋಮವಾರದ ಎರಡು ಬಾರ್ ಅವೇ. ಐದೇ ನಿಮಿಷ ಸಿಕ್ಕ ದಿನ ಆ ಎರಡು ಬಾರ್ ಮಾತ್ರ ನುಡಿಸಿ. ಒಂದು ದಿನ ತಪ್ಪಿತೆಂದು ಮರುದಿನ ನಲವತ್ತು ನಿಮಿಷ ಕೂರಬೇಡಿ, ಎಂದಿನ ಇಪ್ಪತ್ತೇ ಮಾಡಿ.