ದಪ್ಪ ಕಲ್ಲು ಮೊದಲು ಯಾಕೆ ಬೀಳುವುದಿಲ್ಲ?

ಪ್ರಶ್ನೆ: ಸರ್, ನಾನು ಒಂಬತ್ತನೇ ಕ್ಲಾಸ್. ಗಾಳಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಭಾರದ ಕಲ್ಲು, ಹಗುರದ ಕಲ್ಲು ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ ಅಂತ ಪಾಠದಲ್ಲಿದೆ. ಪರೀಕ್ಷೆಯಲ್ಲಿ ಹಾಗೇ ಬರೆದೆ, ಮಾರ್ಕೂ ಬಂತು. ಆದರೆ ಮನಸ್ಸು ಒಪ್ಪುತ್ತಿಲ್ಲ. ಭೂಮಿ 10 ಕೆಜಿ ಕಲ್ಲನ್ನು 1 ಕೆಜಿ ಕಲ್ಲಿಗಿಂತ ಹತ್ತು ಪಟ್ಟು ಜೋರಾಗಿ ಎಳೆಯುತ್ತದೆ ಅಂತಲೂ ಅದೇ ಪಾಠದಲ್ಲಿದೆ. ಜೋರಾಗಿ ಎಳೆದದ್ದು ಬೇಗ ಬರಬೇಕಲ್ವಾ? ಅಜ್ಜನನ್ನು ಕೇಳಿದರೆ, "ಹಲಸಿನಹಣ್ಣೂ ಅದರ ಎಲೆಯೂ ಒಟ್ಟಿಗೆ ಬಿದ್ದದ್ದನ್ನ ನೀನು ನೋಡಿದ್ದೀಯಾ?" ಅಂತ ನಗುತ್ತಾರೆ.

ಉತ್ತರ: ಮಾರ್ಕು ಬಂದ ಮೇಲೂ ತಲೆ ಕೆಡಿಸಿಕೊಂಡಿದ್ದೀಯಲ್ಲ, ಅದೇ ಖುಷಿ.

ನೀನು ಹೇಳಿದ್ದು ಸರಿ. ಎಳೆತ ಹತ್ತು ಪಟ್ಟು ಜಾಸ್ತಿಯೇ. 1 ಕೆಜಿ ಕಲ್ಲಿನ ಮೇಲೆ 9.8 ನ್ಯೂಟನ್, 10 ಕೆಜಿ ಕಲ್ಲಿನ ಮೇಲೆ 98 ನ್ಯೂಟನ್. ಆದರೆ ಎಳೆಸಿಕೊಳ್ಳುವ ಕಲ್ಲು ಎಷ್ಟು ಮೊಂಡು ಅನ್ನುವುದನ್ನು ನೀನು ಬಿಟ್ಟುಬಿಟ್ಟೆ.

ಮನೆಯಲ್ಲಿ ಜೋಕಾಲಿ ಇದ್ದರೆ ನೋಡು. ಖಾಲಿ ಜೋಕಾಲಿ ಬೆರಳಲ್ಲಿ ತಳ್ಳಿದರೂ ಹೋಗುತ್ತದೆ. ಈಗ ಅಜ್ಜನನ್ನೇ ಕೂರಿಸಿ ತಳ್ಳು. ಅಜ್ಜನ ಭಾರವನ್ನೆಲ್ಲ ಹಗ್ಗ ಹೊತ್ತಿದೆ, ನೀನೇನೂ ಎತ್ತುತ್ತಿಲ್ಲ, ಸುಮ್ನೆ ಪಕ್ಕಕ್ಕೆ ತಳ್ಳುತ್ತಿದ್ದೀಯ. ಆದರೂ ಮೊದಲ ಸಲ ಕಾಲೂರಿ ತಳ್ಳಬೇಕು. ನಿಂತದ್ದು ನಿಂತೇ ಇರುತ್ತೇನೆ ಅನ್ನುವ ಈ ಮೊಂಡುತನಕ್ಕೇ ಜಡತ್ವ ಅನ್ನುವುದು. ದ್ರವ್ಯರಾಶಿ ಹತ್ತು ಪಟ್ಟಾದರೆ ಇದೂ ಹತ್ತು ಪಟ್ಟು.

ಅಂದರೆ ದಪ್ಪ ಕಲ್ಲನ್ನು ಭೂಮಿ ಹತ್ತು ಪಟ್ಟು ಎಳೆಯುತ್ತದೆ, ಅದು ಹತ್ತು ಪಟ್ಟು ಮೊಂಡು ಹಿಡಿಯುತ್ತದೆ. ಲೆಕ್ಕ ಇಷ್ಟೇ:

a = F/m = mg/m = g

ಮೇಲಿನ m, ಕೆಳಗಿನ m ಹೊಡೆದು ಹೋದವು. 98 ಭಾಗಿಸು 10, 9.8. 9.8 ಭಾಗಿಸು 1, ಅದೂ 9.8. ಎರಡು ಕಲ್ಲಿನ ವೇಗವೂ ಒಂದೊಂದು ಸೆಕೆಂಡು ಕಳೆದಂತೆ ಸೆಕೆಂಡಿಗೆ 9.8 ಮೀಟರಿನಷ್ಟು ಏರುತ್ತಾ ಹೋಗುತ್ತದೆ. 5 ಮೀಟರ್ ಎತ್ತರದಿಂದ ಬಿಟ್ಟರೆ ಎರಡಕ್ಕೂ ಹೆಚ್ಚುಕಮ್ಮಿ ಒಂದು ಸೆಕೆಂಡು ಬೇಕು. (ಎಳೆತಕ್ಕೂ ಮೊಂಡುತನಕ್ಕೂ ಒಂದೇ m ಯಾಕೆ ಅಂತ ಮುಂದೆ ಯಾವತ್ತಾದರೂ ಕೇಳು. ಐನ್‌ಸ್ಟೀನ್ ಹಿಡಿದು ಹೊರಟದ್ದು ಅದೇ ಎಳೆಯನ್ನು.)

ಸೂತ್ರ ಬೇಡ ಅಂದರೆ ಗೆಲಿಲಿಯೋ ಹೂಡಿದ ವಾದ ಇದೆ. ನನಗಂತೂ ಅದೇ ಜಾಸ್ತಿ ಇಷ್ಟ. ಭಾರದ್ದು ಬೇಗ ಬೀಳುತ್ತದೆ ಅಂತಲೇ ಇಟ್ಟುಕೋ. ದಪ್ಪ ಕಲ್ಲಿಗೆ ಚಿಕ್ಕ ಕಲ್ಲನ್ನು ದಾರದಿಂದ ಕಟ್ಟಿ ಕೆಳಗೆ ಬಿಡು. ಚಿಕ್ಕದು ನಿಧಾನಿ, ಹಾಗಾಗಿ ದಪ್ಪದನ್ನು ಹಿಂದಕ್ಕೆ ಜಗ್ಗಬೇಕು. ಜೋಡಿ ಸ್ವಲ್ಪ ತಡವಾಗಿ ಬೀಳಬೇಕು. ಆದರೆ ಎರಡೂ ಸೇರಿದರೆ ದಪ್ಪ ಕಲ್ಲೊಂದಕ್ಕಿಂತ ಭಾರ ಜಾಸ್ತಿ. ಹಾಗೆ ನೋಡಿದರೆ ಇನ್ನೂ ಬೇಗ ಬೀಳಬೇಕು! ಒಂದೇ ಜೋಡಿ ತಡವಾಗಿಯೂ ಬೇಗವಾಗಿಯೂ ಬೀಳಲು ಆಗುತ್ತಾ? ಎಲ್ಲವೂ ಒಂದೇ ವೇಗದಲ್ಲಿ ಬೀಳುತ್ತವೆ ಅಂದರೆ ಮಾತ್ರ ಈ ಗೋಜಲು ಬಿಡಿಸುತ್ತದೆ.

ಇನ್ನು ಅಜ್ಜನ ಹಲಸಿನ ಎಲೆ. ಅದನ್ನು ತಡೆದದ್ದು ಗಾಳಿ. ಎಲೆ ಅಗಲ, ತೂಕ ಕಮ್ಮಿ. ಗಾಳಿಯ ತಡೆ ಅದರ ಎಳೆತವನ್ನು ಬೇಗ ಸರಿಗಟ್ಟಿಬಿಡುತ್ತದೆ. ಹಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ. ಅಜ್ಜನ ಮುಂದೆಯೇ ಇದನ್ನು ಮಾಡಿ ತೋರಿಸು: ನೋಟ್‌ಬುಕ್‌ಗಿಂತ ಚಿಕ್ಕದಾಗಿ ಒಂದು ಕಾಗದದ ಚೂರು ಹರಿ. ಮೊದಲು ಎರಡನ್ನೂ ಪಕ್ಕಪಕ್ಕ ಬಿಡು. ಚೂರು ತೇಲಾಡುತ್ತಾ ಬರುತ್ತದೆ. ಆಮೇಲೆ ಚೂರನ್ನು ನೋಟ್‌ಬುಕ್ ಮೇಲೆ ಚಪ್ಪಟೆಯಾಗಿಟ್ಟು, ಅಂಟಿಸದೆ, ನೋಟ್‌ಬುಕ್ಕನ್ನು ಮಟ್ಟಸವಾಗಿ ಹಿಡಿದು ಬಿಡು. ಗಾಳಿಯನ್ನು ನೋಟ್‌ಬುಕ್ಕೇ ಸೀಳಿಕೊಂಡು ಹೋಗುತ್ತದೆ. ಚೂರು ಅದರ ಬೆನ್ನ ಮೇಲೇ ಕೂತು ನೆಲಕ್ಕೆ ಬರುತ್ತದೆ.

ಗಾಳಿಯೇ ಇಲ್ಲದ ಕಡೆಯೂ ಇದನ್ನು ಮಾಡಿದ್ದಾರೆ. 1971ರ ಆಗಸ್ಟ್ 2ರಂದು ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಕೈಯಿಂದ ಸುತ್ತಿಗೆ, ಇನ್ನೊಂದರಿಂದ ಗಿಡುಗದ ಗರಿ ಬಿಟ್ಟರು. ಸುತ್ತಿಗೆ 1.32 ಕೆಜಿ, ಗರಿ 30 ಗ್ರಾಂ. ಒಟ್ಟಿಗೇ ಬಿದ್ದವು. ವಿಡಿಯೋ ಸಿಗುತ್ತದೆ, ಅಜ್ಜನಿಗೆ ತೋರಿಸು.

ಪ್ರಶ್ನೆ: ಒಟ್ಟಿಗೇ ಬಿದ್ದರೆ, ಕಾಲ ಮೇಲೆ ಬಿದ್ದಾಗ ದಪ್ಪ ಕಲ್ಲೇ ಯಾಕೆ ಜಾಸ್ತಿ ನೋಯಿಸುತ್ತದೆ?

ಉತ್ತರ: ವೇಗ ಎರಡಕ್ಕೂ ಒಂದೇ. ಆದರೆ ಈಗ ಕಲ್ಲನ್ನು ನಿಲ್ಲಿಸಬೇಕಾದದ್ದು ನಿನ್ನ ಕಾಲು. ಹೊರಡುವಾಗ ಮೊಂಡು ಹಿಡಿದ ಕಲ್ಲು ನಿಲ್ಲುವಾಗಲೂ ಅಷ್ಟೇ ಮೊಂಡು ಹಿಡಿಯುತ್ತದೆ. ಬೀಳುವಾಗ ಅದಕ್ಕೆ ಸರಿಯಾಗಿ ಭೂಮಿಯ ಎಳೆತ ಇತ್ತು. ಇಲ್ಲಿ ಎಲ್ಲವನ್ನೂ ಹೆಬ್ಬೆರಳೇ ತಡೆದುಕೊಳ್ಳಬೇಕು.