ಸಹಾಯಕ ನಿರ್ದೇಶಕಿ ಕೆಲಸಕ್ಕೆ ಅರ್ಜಿ

ಶ್ರೀನಗರ, ಬೆಂಗಳೂರು
10 ಜೂನ್ 2025

ನಿರ್ಮಾಪಕರು ಮತ್ತು ನಿರ್ದೇಶಕರಿಗೆ,

ವಿಷಯ: ವಠಾರದ ಸಿನಿಮಾಗೆ ಸಹಾಯಕ ನಿರ್ದೇಶಕಿ ಕೆಲಸ ಕೋರಿ

ಸರ್, ಮೇಡಂ, ನಮಸ್ಕಾರ.

ಚಾಮರಾಜಪೇಟೆಯ ವಠಾರವೊಂದರಲ್ಲಿ ಪೂರ್ತಿ ಸಿಂಕ್ ಸೌಂಡ್‌ನಲ್ಲಿ ಸಿನಿಮಾ ಮಾಡುತ್ತಿದ್ದೀರಿ, ಸಹಾಯಕರು ಬೇಕಾಗಿದ್ದಾರೆ ಎಂದು ನೀವು ಹಾಕಿದ್ದನ್ನು ನೋಡಿದೆ. ಆ ಕೆಲಸಕ್ಕೆ ಈ ಅರ್ಜಿ.

ನಾನು ಈಗ ಒಂದು ಡಬ್ಬಿಂಗ್ ಸ್ಟುಡಿಯೋದಲ್ಲಿದ್ದೇನೆ. ಕಲಾವಿದರ ಪಕ್ಕ ನಿಂತು ಡೈಲಾಗ್ ಹೇಳಿಕೊಡುವುದು, ತುಟಿ ಕೂತಿದೆಯಾ ನೋಡುವುದು, ಯಾವ ಟೇಕ್ ಓಕೆ ಅಂತ ಬರೆದಿಡುವುದು ನನ್ನ ಕೆಲಸ. ಡಬ್ಬಿಂಗ್‌ನವಳಿಗೆ ಸಿಂಕ್ ಸೌಂಡ್ ಸಿನಿಮಾದಲ್ಲಿ ಏನು ಕೆಲಸ ಅಂತ ಅನಿಸಬಹುದು. ಆದರೆ ಸೆಟ್‌ನಲ್ಲಿ ಯಾರೂ ಬರೆದಿಡದೆ ಬಿಟ್ಟದ್ದೆಲ್ಲ ಕೊನೆಗೆ ಬಂದು ನಿಲ್ಲುವುದು ನಮ್ಮ ಮೈಕಿನ ಮುಂದೆಯೇ.

ಒಂದು ಉದಾಹರಣೆ ಹೇಳುತ್ತೇನೆ. ಸ್ಕ್ರಿಪ್ಟ್ ಪ್ರಕಾರ ಅಜ್ಜಿ ಮೊಮ್ಮಗಳಿಗೆ "ಹೋಗ್ಲಿ ಬಿಡು" ಅನ್ನಬೇಕು. ಕ್ಯಾಮೆರಾ ಮುಂದೆ ಅವರು ಬೇರೇನೋ ಅಂದಿದ್ದಾರೆ. ಪೈಲಟ್ ಟ್ರ್ಯಾಕ್‌ನಲ್ಲಿ ಜನರೇಟರ್ ಸದ್ದು ಬಿಟ್ಟರೆ ಏನೂ ಕೇಳಿಸುವುದಿಲ್ಲ. ತುಟಿ ಮಾತ್ರ ಎರಡು ಸಲ ಮುಚ್ಚುತ್ತದೆ. ಅಂದರೆ ಪ, ಬ, ಮ ಎರಡು ಕಡೆ ಬರಬೇಕು; ಸ್ಕ್ರಿಪ್ಟ್‌ನ ಮಾತಿನಲ್ಲಿ ಇರುವುದು ಒಂದೇ ಕಡೆ. ಲೂಪ್ ಹಾಕಿ ಹಾಕಿ ನೋಡಿ, ಕೊನೆಗೆ "ಬೇಡಮ್ಮ" ಕೂರಿಸಿದೆವು. ತುಟಿ ಸರಿಹೋಯಿತು, ಆದರೆ ಕ್ಷಮಿಸಬೇಕಿದ್ದ ಅಜ್ಜಿ ತಡೆಯುವ ಅಜ್ಜಿ ಆಗಿಬಿಟ್ಟರು. ಮಾತು ಬದಲಾಗಿದೆ ಅಂತ ಯಾರಾದರೂ ರಿಪೋರ್ಟ್ ಶೀಟ್‌ನಲ್ಲಿ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಆ ಸಾಲು ಬರೆಯುವವಳು ನಾನಾಗಬೇಕು ಅಂತ ಆಸೆ.

ಒಂದೇ ಶಾಟ್ ಅನ್ನು ಅಷ್ಟು ಸಲ ನೋಡಿದರೆ ಕಣ್ಣು ತಾನಾಗೇ ಪಳಗುತ್ತದೆ. ಕುಡಿಯುತ್ತಾ ಹೋದಂತೆ ಲೋಟದಲ್ಲಿ ಕಾಫಿ ಜಾಸ್ತಿ ಆಗುವುದು, ಗೋಡೆ ಗಡಿಯಾರ ಹಿಂದಕ್ಕೆ ಓಡುವುದು ಎಲ್ಲ ಕಾಣಿಸುತ್ತದೆ. ಈಗ ಮನೆಯಲ್ಲಿ ಯಾರ ಜೊತೆಗೂ ನೆಮ್ಮದಿಯಾಗಿ ಸಿನಿಮಾ ನೋಡೋಕಾಗಲ್ಲ, ಅದು ಬೇರೆ ಮಾತು!

ನಿಮ್ಮ ವಠಾರ ಯಾವುದು ಅಂತ ನನಗೆ ಗೊತ್ತಿಲ್ಲ. ಆದರೂ ಭಾನುವಾರ ಬಿಟ್ಟು ಒಂದು ಕೆಲಸದ ದಿನ ರಜೆ ಹಾಕಿ, ಚಾಮರಾಜಪೇಟೆಯ ಅಡ್ಡರಸ್ತೆಗಳಲ್ಲಿ ಸುಮ್ನೆ ಸದ್ದು ಕೇಳಿಸಿಕೊಂಡು ಓಡಾಡಿದೆ. ಬೆಳಗ್ಗೆ ಕಸದ ಆಟೋದ ಹಾಡು, ಆಮೇಲೆ ಕುಕ್ಕರ್ ವಿಸಿಲ್, ನೀರಿನ ಮೋಟಾರ್, ಮೈಕ್ ಕಟ್ಟಿಕೊಂಡ ತರಕಾರಿ ಗಾಡಿ. ಹನ್ನೊಂದರ ನಂತರ ಒಳಗಿನ ರಸ್ತೆಗಳು ಸ್ವಲ್ಪ ತಣ್ಣಗಾಗುತ್ತವೆ. ಶಾಲೆ ವ್ಯಾನ್‌ಗಳು ವಾಪಸ್ ಬರುವ ತನಕ ಮಾತಿನ ದೃಶ್ಯಗಳಿಗೆ ಅದೇ ಒಳ್ಳೇ ಹೊತ್ತು ಅನಿಸಿತು. ಮಾತಿಲ್ಲದ ಶಾಟ್, ಇನ್ಸರ್ಟ್‌ಗಳನ್ನು ಬೆಳಗ್ಗೆಗೆ ಹಾಕಿಕೊಳ್ಳಬಹುದು, ಬೆಳಕೂ ಚೆನ್ನಾಗಿರುತ್ತದೆ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಅರ್ಧ ನಿಮಿಷ ರೂಮ್ ಟೋನ್ ತೆಗೆಸುವ ಹೊಣೆ ನನಗೆ ಕೊಡಿ. ಪಕ್ಕದ ಮನೆಯವರ ಫ್ರಿಡ್ಜ್ ಆಫ್ ಮಾಡಿಸಿದರೆ ನನ್ನ ಗಾಡಿ ಕೀ ಅದರೊಳಗೇ ಇಡುತ್ತೇನೆ. ಆಗ ಪ್ಯಾಕಪ್ ಆದ ಮೇಲೆ ಅದನ್ನು ಮತ್ತೆ ಆನ್ ಮಾಡದೆ ಮನೆಗೆ ಹೋಗೋಕೆ ಆಗುವುದಿಲ್ಲ. ಅವರ ಮನೆ ಹಾಲು ಒಡೆದರೆ ಮರುದಿನ ನಮ್ಮನ್ನು ಒಳಗೆ ಬಿಡಲ್ಲ, ಅಲ್ವಾ?

ದೊಡ್ಡ ಸೆಟ್‌ನಲ್ಲಿ ಕೆಲಸ ಮಾಡಿಲ್ಲ. ಸ್ನೇಹಿತರ ಕಿರುಚಿತ್ರಗಳಲ್ಲಿ ಕ್ಲ್ಯಾಪ್, ಕಂಟಿನ್ಯೂಟಿ, ಜೂನಿಯರ್ ಆರ್ಟಿಸ್ಟ್‌ಗಳಿಗೆ ಫೋನ್ ಮಾಡುವುದು, ಊಟದ ಲೆಕ್ಕ ಎಲ್ಲ ನೋಡಿಕೊಂಡಿದ್ದೇನೆ. ಕನ್ನಡ ಟೈಪಿಂಗ್ ವೇಗವಾಗಿ ಬರುತ್ತದೆ. ಶೆಡ್ಯೂಲ್ ಅನ್ನು ಎಕ್ಸೆಲ್‌ನಲ್ಲಿ ಮಾಡುತ್ತೇನೆ. ಊರು ಅರಸೀಕೆರೆ. ಈಗ ಇರುವುದು ಶ್ರೀನಗರದಲ್ಲಿ, ಸ್ಕೂಟರ್ ಇದೆ, ಹಾಗಾಗಿ ಐದು ಗಂಟೆಗೆ ಬಾ ಅಂದರೂ ಬರುತ್ತೇನೆ.

ಸಂಬಳದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಬಜೆಟ್ ಅಂತ ಗೊತ್ತು, ಜಾಸ್ತಿ ಕೇಳುವುದಿಲ್ಲ. ಆದರೆ ಕಲಿಯೋಕೆ ಬಂದವರು ಬಿಟ್ಟಿ ಮಾಡಲಿ ಅನ್ನುವ ಲೆಕ್ಕಕ್ಕೆ ನಾನು ಒಪ್ಪುವುದಿಲ್ಲ. ಮನೆ ಬಾಡಿಗೆ ಕಟ್ಟುವಷ್ಟು ತಿಂಗಳ ಸಂಬಳ, ಶೂಟಿಂಗ್ ದಿನ ಬೇಟಾ ಇದ್ದರೆ ಸಾಕು. ಪ್ರೀ-ಪ್ರೊಡಕ್ಷನ್‌ನಿಂದ ಎಡಿಟಿಂಗ್ ಮುಗಿಯುವವರೆಗೂ ಜೊತೆಗಿರುತ್ತೇನೆ.

ಇದರ ಜೊತೆ ನನ್ನ ಬಯೋಡೇಟಾ, ನಾನೇ ಬರೆದ ಒಂದು ದೃಶ್ಯ ಮತ್ತು ಅದರ ಬ್ರೇಕ್‌ಡೌನ್ ಕಳಿಸಿದ್ದೇನೆ. ಬ್ರೇಕ್‌ಡೌನ್ ಮೊದಲು ನೋಡಿ, ದೃಶ್ಯ ಆಮೇಲೆ ಓದಿದರೂ ಆಯಿತು. ಸ್ಟುಡಿಯೋದಲ್ಲಿ ಹದಿನೈದು ದಿನ ಮೊದಲು ತಿಳಿಸಬೇಕು, ಜುಲೈ ಮೊದಲ ವಾರ ಸೇರಿಕೊಳ್ಳಬಹುದು. ಡಬ್ಬಿಂಗ್ ಸಾಮಾನ್ಯವಾಗಿ ಹತ್ತು ಗಂಟೆಗೆ ಶುರು. ಅದಕ್ಕೆ ಮುಂಚೆ ಯಾವ ದಿನ ಕರೆದರೂ ನಿಮ್ಮ ಆಫೀಸಿಗೆ ಬಂದು ಮಾತಾಡುತ್ತೇನೆ.

ಇಂತಿ,
ಸೌಮ್ಯ